ಎಸಿಗೆ ಯಾವ ಸ್ಟೆಬಿಲೈಸರ್?

ಟಿಸಿಯಿಂದ ದೂರ, ಲೈನಿನ ತುದಿಯಲ್ಲಿರುವ ಒಂದು ಮನೆ. ತ್ರೀಫೇಸ್ ಬಂದು ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳೆಲ್ಲ ಶುರುವಾದರೆ ಇಲ್ಲಿ ಫ್ಯಾನು ನಿಧಾನವಾಗುತ್ತದೆ. ಪಂಪ್‌ಗಳು ನಿಂತ ಮೇಲೆ ವೋಲ್ಟೇಜ್ ಮೇಲೇರುತ್ತದೆ. ಈ ಮನೆಯವರು ಒಂದೂವರೆ ಟನ್ ಎಸಿ ತಂದರೆ ಅಂಗಡಿಯವರು 4 ಕೆವಿಎ ಸ್ಟೆಬಿಲೈಸರ್ ತೋರಿಸುತ್ತಾರೆ. ಆದರೆ 4 ಕೆವಿಎ ಎಂಬ ಒಂದೇ ಅಂಕಿ ನೋಡಿ ಕೊಂಡರೆ ಸಾಲದು.

ಮೊದಲು ಗೊತ್ತಾಗಬೇಕಾದದ್ದು ಮನೆಗೆ ಬರುವ ವೋಲ್ಟೇಜ್. ಎಲೆಕ್ಟ್ರಿಷಿಯನ್ ಬಳಿಯ ಮಲ್ಟಿಮೀಟರ್‌ನಿಂದ ನಾಲ್ಕೈದು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆದರೆ ಚಿತ್ರ ಸಿಗುತ್ತದೆ. ಇರಬೇಕಾದದ್ದು 230 ವೋಲ್ಟ್. ಈ ಮನೆಯಲ್ಲಿ ಅದು 155ಕ್ಕೆ ಇಳಿದು 255ಕ್ಕೆ ಏರುತ್ತದೆ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಯ ಮೇಲೆ ವರ್ಕಿಂಗ್ ರೇಂಜ್ 170–270 ಎಂದಿದ್ದರೆ ಆ ಸ್ಟೆಬಿಲೈಸರ್ 155 ವೋಲ್ಟ್‌ನಲ್ಲಿ ಎಸಿಯನ್ನೇ ಆಫ್ ಮಾಡುತ್ತದೆ. ಅದು ಕೆಟ್ಟದ್ದಲ್ಲ, ಈ ಮನೆಗೆ ಹೊಂದುವುದಿಲ್ಲ ಅಷ್ಟೆ. ಇಲ್ಲಿಗೆ 130–300ರ ರೇಂಜ್ ಬೇಕು. ವೋಲ್ಟೇಜ್ 200ಕ್ಕಿಂತ ಕೆಳಗಿಳಿಯದ ನಗರದ ಮನೆಗೆ 170–270 ಸಾಕು. ಹೆಚ್ಚಿನ ರೇಂಜಿಗೆ ಹೆಚ್ಚು ಹಣ ಕೊಡಬೇಕಿಲ್ಲ.

ಇನ್ನು ಕೆವಿಎ. ಎಸಿ 230 ವೋಲ್ಟ್‌ನಲ್ಲಿ 8 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಲೆಕ್ಕ 1840 ವಿಎ, ಅಂದರೆ ಎರಡು ಕೆವಿಎಗೂ ಕಡಿಮೆ. ಆದರೂ 4 ಕೆವಿಎ ಯಾಕೆ? ಹಳೆಯ ಬಗೆಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಜೊತೆಗೆ, ಸ್ಟೆಬಿಲೈಸರ್ ವೋಲ್ಟೇಜನ್ನು ಏರಿಸುವುದು ಲೈನಿನಿಂದ ಹೆಚ್ಚು ಕರೆಂಟು ತೆಗೆದುಕೊಂಡೇ. 155 ವೋಲ್ಟ್ ಇದ್ದಾಗ ಅದೇ ಎಸಿಗಾಗಿ ಗೋಡೆಯ ಪ್ಲಗ್‌ನಿಂದ ಸುಮಾರು 12 ಆಂಪಿಯರ್ ಹರಿಯುತ್ತದೆ. ಹಾಗಾಗಿ ಎಸಿಗೆ ಬೇರೆಯದೇ ದಪ್ಪ ವೈರ್ ಮತ್ತು 16 ಆಂಪಿಯರ್ ಪಾಯಿಂಟ್ ಇರಬೇಕು. ಪ್ಲಗ್ ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಆಫ್ ಮಾಡಿ ವೈರಿಂಗ್ ತೋರಿಸಬೇಕು.

ರಕ್ಷಣೆಯ ಸೌಲಭ್ಯಗಳಲ್ಲಿ ಬಿಡಲೇಬಾರದ್ದು ಎರಡು. ವೋಲ್ಟೇಜ್ ಮಿತಿ ಮೀರಿದರೆ ಎಸಿಗೆ ಹೋಗುವ ಕರೆಂಟನ್ನು ಕಡಿಯುವ ಹೈ–ಲೋ ಕಟಾಫ್ ಮೊದಲನೆಯದು. ಎರಡನೆಯದು ಟೈಮ್ ಡಿಲೇ. ಕರೆಂಟು ಹೋಗಿ ತಕ್ಷಣ ಬಂದರೆ ಕಂಪ್ರೆಸರ್‌ನ ಒಂದು ಬದಿಯ ಗ್ಯಾಸ್ ಇನ್ನೂ ಹೆಚ್ಚಿನ ಒತ್ತಡದಲ್ಲಿರುತ್ತದೆ. ಆ ಒತ್ತಡದ ಎದುರು ಮೋಟರ್ ತಿರುಗಲಾರದೆ ಬಿಸಿಯಾಗುತ್ತದೆ. ಮೂರು ನಿಮಿಷ ಕಾದರೆ ಎರಡೂ ಬದಿಯ ಒತ್ತಡ ಸಮವಾಗುತ್ತದೆ. ಹೊಸ ಸ್ಟೆಬಿಲೈಸರ್ ಆನ್ ಮಾಡಿದ ಕೂಡಲೇ ಎಸಿ ಶುರುವಾಗದಿದ್ದರೆ ಗಾಬರಿಯಾಗಬೇಕಿಲ್ಲ, ಅದು ಕಾಯುತ್ತಿರುತ್ತದೆ.

ಈಗಿನ ಅನೇಕ ಇನ್ವರ್ಟರ್ ಎಸಿಗಳಿಗೆ ಸ್ಟೆಬಿಲೈಸರ್ ಬೇಡ ಎನ್ನುತ್ತಾರೆ. ಆ ಮಾತು ಎಸಿಯ ಕೈಪಿಡಿಯಲ್ಲಿ ಕೊಟ್ಟಿರುವ ವೋಲ್ಟೇಜ್ ಮಿತಿಯೊಳಗೆ ಮಾತ್ರ ನಿಜ. ಮನೆಯಲ್ಲಿ ಅಳೆದ ಅಂಕಿಗಳನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ವೋಲ್ಟೇಜ್ ದಿನವೂ 130ಕ್ಕಿಂತ ಕೆಳಗಿಳಿಯುತ್ತಿದ್ದರೆ ಅದು ಲೈನಿನ ದೋಷ. ಅಳೆದ ಅಂಕಿ, ಹೊತ್ತುಗಳನ್ನು ಬರೆದಿಟ್ಟುಕೊಂಡು 1912ಕ್ಕೆ ದೂರು ಕೊಡಬೇಕು.