ಅಂಗಡಿ ಬೋರ್ಡಿಗೆ ಫ್ಲೆಕ್ಸೋ, ವಿನೈಲೋ, ಬಟ್ಟೆಯೋ?

ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಹಳೆಯ ಫ್ಲೆಕ್ಸ್ ಬೋರ್ಡನ್ನು ಗಮನಿಸಿ. ಕೆಂಪು, ಹಳದಿ ಮಾಸಿ ಹೋಗಿ ನೀಲಿಯಷ್ಟೇ ಉಳಿದಿರುತ್ತದೆ. ಅಗ್ಗದ ಶಾಯಿಯಲ್ಲಿ ಬಿಸಿಲಿಗೆ ಮೊದಲು ಸೋಲುವುದು ಆ ಎರಡು ಬಣ್ಣಗಳೇ. ಹಾಳೆಯೂ ಹೆಚ್ಚು ದಿನ ತಡೆಯುವುದಿಲ್ಲ. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಜಾಲರಿಯ ಎರಡೂ ಬದಿಗೆ ಪಿವಿಸಿ ಹಚ್ಚಿದ ಹಾಳೆ. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಬಿಸಿಲಿನ ಕಾವಿಗೆ ನಿಧಾನವಾಗಿ ಹೊರಬಂದು ಹಾಳೆ ಪೆಡಸಾಗುತ್ತದೆ. ಮೂಲೆ ಮಡಚಿದಾಗ ಬಿರುಕು ಬಿಟ್ಟರೆ ಬೋರ್ಡಿನ ಆಯಸ್ಸು ಮುಗಿದಂತೆ. ಮಳೆ ನೀರು ಅದಕ್ಕೆ ಏನೂ ಮಾಡದು. ಆದರೆ ಮಳೆಯ ಜೊತೆ ಬರುವ ಗಾಳಿ ಅದನ್ನು ಹಗ್ಗದ ತೂತುಗಳಿಂದಲೇ ಹರಿಯಲು ಶುರು ಮಾಡುತ್ತದೆ.

ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ಹತ್ತು ಅಡಿ ಉದ್ದ, ಮೂರು ಅಡಿ ಎತ್ತರದ ಹೆಸರಿನ ಬೋರ್ಡು ಬೇಕು. ಆಷಾಢದ ರಿಯಾಯಿತಿಗೆ ಒಂದು ಬ್ಯಾನರ್ ಕೂಡ ಬೇಕು. ಇವೆರಡನ್ನೂ ಒಂದೇ ವಸ್ತುವಿನಲ್ಲಿ ಮಾಡಿಸುವುದೇ ತಪ್ಪು.

ಹೆಸರಿನ ಬೋರ್ಡಿಗೆ 280 ಜಿಎಸ್‌ಎಂ ಫ್ಲೆಕ್ಸ್ ಹಾಕಿದರೆ ಅದರ ತೂಕ ಮುಕ್ಕಾಲು ಕಿಲೋ ಮೀರುತ್ತದೆ. ವರ್ಷಕ್ಕೊಮ್ಮೆ ಬದಲಿಸಿದರೆ ಐದು ವರ್ಷಕ್ಕೆ ಸುಮಾರು ನಾಲ್ಕು ಕಿಲೋ ಕಸ. ಇಲ್ಲಿ ನನ್ನ ಆಯ್ಕೆ ಎಸಿಪಿ ಶೀಟಿನ ಮೇಲೆ ಅಂಟಿಸಿದ, ಲ್ಯಾಮಿನೇಷನ್ ಮಾಡಿದ ವಿನೈಲ್. ವಿನೈಲೂ ಪಿವಿಸಿಯೇ, ನಿಜ. ಆದರೆ ಲ್ಯಾಮಿನೇಷನ್ ಬಣ್ಣವನ್ನು ಬಿಸಿಲಿನಿಂದ ಕಾಯುತ್ತದೆ, ಬದಲಿಸುವ ಸರದಿ ತಡವಾಗುತ್ತದೆ. ಬಿಸಿಗಾಳಿ ಹಾಯಿಸಿ ಹಳೆಯದನ್ನು ಕಿತ್ತರೆ ಅದೇ ಶೀಟಿಗೆ ಹೊಸದನ್ನು ಅಂಟಿಸಬಹುದು. ವಿನೈಲಿಗೆ ಅಪಾಯವಿರುವುದು ಅಂಚಿನಲ್ಲಿ. ಅಗ್ಗದ ವಿನೈಲ್ ಬಿಸಿಲಿಗೆ ಕುಗ್ಗಿ ಅಂಚು ಏಳುತ್ತದೆ, ಆ ಸಂದಿನಲ್ಲಿ ಮಳೆ ನೀರು ಇಳಿದು ಗುಳ್ಳೆ ಬರುತ್ತದೆ. ಆದ್ದರಿಂದ ಅಂಚನ್ನು ಶೀಟಿನ ಹಿಂಬದಿಗೆ ಮಡಚಿ ಅಂಟಿಸಲು ಹೇಳಬೇಕು.

ರಿಯಾಯಿತಿಯ ಬ್ಯಾನರಿಗೆ ಹತ್ತಿಬಟ್ಟೆ ಸಾಕು. ಆಷಾಢದ ಜಿಟಿಜಿಟಿ ಮಳೆಗೆ ಅದು ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ. ಅದಕ್ಕೇ ಸಜ್ಜಾದ ಕೆಳಗೆ, ಮೇಲೂ ಕೆಳಗೂ ಕೋಲು ಸೇರಿಸಿ ಕಟ್ಟಬೇಕು. ‘ಬಟ್ಟೆ ಬ್ಯಾನರ್’ ಎಂದು ಕೊಡುವುದು ಎಷ್ಟೋ ಸಲ ಪಾಲಿಯೆಸ್ಟರ್ ಆಗಿರುತ್ತದೆ, ಅದೂ ಪ್ಲಾಸ್ಟಿಕ್ಕೇ. ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರುಗಳನ್ನು ನಿಷೇಧಿಸಿ ಅಧಿಸೂಚನೆ ಹೊರಟಿತು. ಆದರೂ ಅವು ಎಲ್ಲೆಡೆ ಕಾಣುತ್ತವೆ. ಜಾಲರಿಯನ್ನೂ ಪಿವಿಸಿಯನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ ಗುಜರಿಯವರು ಹಳೆಯ ಫ್ಲೆಕ್ಸನ್ನು ಕೊಳ್ಳಲು ಹಿಂಜರಿಯುತ್ತಾರೆ. ಕೊನೆಗೆ ಸೌದೆ ರಾಶಿಗೆ ಹೊದಿಕೆಯಾಗಿ, ಹರಿದ ಮೇಲೆ ಬಚ್ಚಲ ಒಲೆ ಸೇರುತ್ತದೆ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬಂದು ಕಣ್ಣು, ಗಂಟಲು ಉರಿಯುತ್ತವೆ, ಡಯಾಕ್ಸಿನ್ ಎಂಬ ವಿಷವೂ ಹೊರಡುತ್ತದೆ. ಕೈಯಲ್ಲಿರುವ ಹಳೆಯ ಫ್ಲೆಕ್ಸನ್ನು ಒಲೆಗಂತೂ ಹಾಕಬೇಡಿ. ಮಡಚಿ ಒಣಕಸದ ಗಾಡಿಗೆ ಕೊಡಿ.