ಆ ಶೇಕಡ 95ರ ಹಿಂದೆ ಎಷ್ಟು ಜನ?

ಫೈಜರ್ ಕಂಪನಿಯ ಕೋವಿಡ್ ಲಸಿಕೆಯ ಪರೀಕ್ಷಾ ವರದಿ 2020ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ವರದಿಯ ಆರಂಭದಲ್ಲಿ ಎಲ್ಲ ಸಂಶೋಧನಾ ಲೇಖನಗಳಿಗೂ ಇರುವಂತೆ ಒಂದು ಪುಟ್ಟ ಸಾರಾಂಶವಿದೆ. ಜನರ ಬಾಯಿಗೆ ಬಂದದ್ದು ಅದರಲ್ಲಿನ ಒಂದೇ ಅಂಕಿ: ಲಸಿಕೆ ಶೇಕಡ 95ರಷ್ಟು ಪರಿಣಾಮಕಾರಿ.

ಇದನ್ನು ಹಾಗೆಯೇ ಕನ್ನಡದಲ್ಲಿ ಬರೆದರೆ ಓದುಗರು ಏನೆಂದುಕೊಳ್ಳುತ್ತಾರೆ? ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಐವರಿಗೆ ರೋಗ ಬರುತ್ತದೆ ಎಂದು. ಅದು ತಪ್ಪು, ಸಣ್ಣ ತಪ್ಪೂ ಅಲ್ಲ.

ಸಾರಾಂಶದ ಫಲಿತಾಂಶ ಭಾಗ ನೋಡಿ. ಲಸಿಕೆ ಪಡೆದವರು 21,720 ಮಂದಿ. ಹೆಚ್ಚುಕಡಿಮೆ ಅಷ್ಟೇ ಜನರಿಗೆ, ಅಂದರೆ 21,728 ಮಂದಿಗೆ, ಔಷಧವಿಲ್ಲದ ಚುಚ್ಚುಮದ್ದು ಕೊಟ್ಟಿದ್ದರು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು. ಎರಡನೇ ಡೋಸ್ ಆಗಿ ಕನಿಷ್ಠ 7 ದಿನ ಕಳೆದ ಮೇಲೆ ಕೋವಿಡ್ ಕಾಣಿಸಿಕೊಂಡವರನ್ನು ಎಣಿಸಿದರು. ಔಷಧವಿಲ್ಲದ ಗುಂಪಿನಲ್ಲಿ 162 ಮಂದಿ, ಲಸಿಕೆಯ ಗುಂಪಿನಲ್ಲಿ 8 ಮಂದಿ.

ನೂರಕ್ಕೆ ಐವರು ಎಂಬ ಲೆಕ್ಕ ನಿಜವಾಗಿದ್ದರೆ ಲಸಿಕೆಯ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬೀಳಬೇಕಿತ್ತು. ಬಿದ್ದವರು ಎಂಟೇ ಮಂದಿ. ಗುಂಪುಗಳು ಸರಿಸಮವಾಗಿದ್ದುದರಿಂದ, ಲಸಿಕೆ ಇಲ್ಲದಿದ್ದರೆ ಇಲ್ಲಿಯೂ ಸುಮಾರು 162 ಮಂದಿಗೆ ರೋಗ ಬರುತ್ತಿತ್ತು. ಅವರಲ್ಲಿ 154 ಮಂದಿ ಪಾರಾದರು. 162ರಲ್ಲಿ 154 ಎಂದರೆ ಶೇಕಡ 95. ಹಾಗಾಗಿ ಕನ್ನಡದ ಲೇಖನದಲ್ಲಿ ಶೇಕಡಾವಾರಿಗಿಂತ ಮೊದಲು ಈ ಎರಡು ತಲೆಎಣಿಕೆಗಳು ಬರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸಾರಾಂಶದಲ್ಲಿ 95ರ ಪಕ್ಕದಲ್ಲೇ ಇನ್ನೆರಡು ಅಂಕಿಗಳಿವೆ: 90.3 ಮತ್ತು 97.6. ಪತ್ರಿಕೆಗೆ ಬರೆಯುವಾಗ ಜಾಗ ಸಾಲದೆಂದು ಮೊದಲು ಕೈಬಿಡುವುದು ಇವನ್ನೇ. ಎಂಟು ರೋಗಿಗಳು ಎಂಬುದು ಸಣ್ಣ ಸಂಖ್ಯೆ. ಅದೃಷ್ಟ ಸ್ವಲ್ಪ ಆಚೀಚೆಯಾಗಿ ಐದೋ ಹನ್ನೆರಡೋ ಆಗಬಹುದಿತ್ತು. ಆದ್ದರಿಂದ ನಿಜವಾದ ಪರಿಣಾಮ ಈ ಎರಡರ ನಡುವೆ ಎಲ್ಲೋ ಇರುವ ಸಾಧ್ಯತೆ ಹೆಚ್ಚು ಎಂದು ಸಂಶೋಧಕರು ಹೇಳುತ್ತಿದ್ದಾರೆ. ‘ಸುಮಾರು 90ರಿಂದ 98ರೊಳಗೆ’ ಎಂದು ಬರೆದರೂ ಸಾಕು, ಓದುಗರಿಗೆ ತಿಳಿಯುತ್ತದೆ.

ತೀರ್ಮಾನದ ಸಾಲಿನಲ್ಲಿ ಸುರಕ್ಷತೆಯ ಮಾತು ಬಂದಾಗ ಜೊತೆಗೆ ‘ಎರಡು ತಿಂಗಳು’ ಎಂಬ ಅವಧಿಯೂ ಇದೆ. ಅಷ್ಟು ಕಾಲದ ಮಾಹಿತಿ ಮಾತ್ರ ಆಗ ಅವರ ಕೈಯಲ್ಲಿತ್ತು. ಎಣಿಸಿದ್ದು ಕೂಡ ರೋಗಲಕ್ಷಣ ಕಾಣಿಸಿಕೊಂಡು, ಪ್ರಯೋಗಾಲಯದಲ್ಲಿ ಖಚಿತವಾದ ಪ್ರಕರಣಗಳನ್ನು. ಲಕ್ಷಣವೇ ಇಲ್ಲದೆ ಸೋಂಕು ತಗುಲಿದವರು, ಅವರಿಂದ ಇತರರಿಗೆ ಹರಡಿದ್ದು ಈ 95ರೊಳಗೆ ಸೇರಿಲ್ಲ. ಮುಂದೆ ವೈರಾಣುವಿನ ಹೊಸ ರೂಪಗಳು ಬಂದಾಗ, ಲಸಿಕೆ ಹಾಕಿಸಿಕೊಂಡರೂ ಸೋಂಕು ಬಂತಲ್ಲ, ಹಾಗಾದರೆ ವಿಜ್ಞಾನಿಗಳು ಸುಳ್ಳು ಹೇಳಿದರೇ ಎಂದು ಜನ ಕೇಳಿದರು. ಆ ಸಾರಾಂಶ ಸೋಂಕೇ ತಗುಲುವುದಿಲ್ಲ ಎಂದು ಎಲ್ಲಿಯೂ ಹೇಳಿರಲಿಲ್ಲ.