ಲೀಡರ್ ಓದುವ ಆ ಎರಡು ನಿಮಿಷ

ಸೆಪ್ಟೆಂಬರ್ 5ರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಕ್ಲಾಸ್ ಲೀಡರ್ ಮೈಕಿನ ಮುಂದೆ ನಿಲ್ಲುತ್ತಾಳೆ. ಗುರುವೇ ದೇವರು, ತಾನು ಕರಗಿ ಬೆಳಕು ಕೊಡುವ ಮೇಣದಬತ್ತಿ ಎಂದು ಶುರುವಾದರೆ, ಅದು ಯಾವುದೋ ಭಾಷಣದ ಪುಸ್ತಕದಿಂದ ಇಳಿಸಿದ್ದೆಂದು ಮೇಷ್ಟ್ರಿಗೆ ತಕ್ಷಣ ಗೊತ್ತಾಗುತ್ತದೆ. ಆ ಮಾತು ಯಾವ ಶಾಲೆಗಾದರೂ ಹೊಂದುತ್ತದೆ, ತಮ್ಮ ಶಾಲೆಯದ್ದೇನೂ ಅದರಲ್ಲಿರುವುದಿಲ್ಲ.

ರಾಧಾಕೃಷ್ಣನ್ ಅವರ ಜೀವನಚರಿತ್ರೆಗೂ ಅರ್ಧ ಸಮಯ ಕೊಡಬೇಕಿಲ್ಲ. ಅವರು ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳೇ ಅವರ ಗಾಡಿ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರಂತೆ. ಈ ಒಂದು ಸಂಗತಿ ಸಾಕು.

ಉಳಿದದ್ದನ್ನು ತರಗತಿಯಿಂದಲೇ ಕೂಡಿಸಬೇಕು. ಲೀಡರ್ ಒಂದು ವಾರ ಮೊದಲೇ ಒಂದು ಹಾಳೆ ಹರಿಯಬಿಡಲಿ. "ಯಾವ ಟೀಚರ್ ಇಷ್ಟ?" ಎಂದು ಕೇಳಿದರೆ "ಎಲ್ಲರೂ" ಎಂಬ ಉತ್ತರ ಬರುತ್ತದೆ. "ಈ ವರ್ಷ ಯಾರು ಏನು ಮಾಡಿದ್ದು ನೆನಪಿದೆ?" ಎಂದು ಕೇಳಿದರೆ ಸರಕು ಸಿಗುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಳೆನ್ನಿ:

"ಎಲ್ಲಾ ಸರ್‌ಗೂ ಮಿಸ್‌ಗೂ ನಮಸ್ಕಾರ. ಪೈಥಾಗೊರಸ್ ಪ್ರಮೇಯ ನಮ್ಮ ತಲೆಗೇ ಹೋಗ್ತಿರಲಿಲ್ಲ. ಗಣಿತದ ಸರ್ ರಟ್ಟಿನಲ್ಲಿ ಮೂರು ಚೌಕ ಕತ್ತರಿಸಿ ತಂದ್ರು. ಚಿಕ್ಕ ಎರಡರಲ್ಲಿ 9 ಮತ್ತು 16 ಮನೆ, ದೊಡ್ಡದರಲ್ಲಿ 25. ನಾವೇ ಎಣಿಸಿದ್ವಿ, ಆಮೇಲೆ ಮರೆತಿಲ್ಲ. ಹಿಂದಿ ಮಿಸ್, ಹಿಂದಿನ ಬೆಂಚಿನವರನ್ನೂ ಹೆಸರು ಹಿಡಿದು ಕರೀತೀರಿ, ಅದಕ್ಕೇ ಅವರೂ ಈಗ ಕೈ ಎತ್ತುತ್ತಾರೆ. ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಮಿಸ್."

ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ತಾನು ರಾತ್ರಿ ಕೂತು ರಟ್ಟು ಕತ್ತರಿಸಿದ್ದು ಮಕ್ಕಳಿಗೆ ಮುಟ್ಟಿತು ಎಂದು ಆ ಮೇಷ್ಟ್ರಿಗೆ ತಿಳಿಯುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ತಿದ್ದುವ ದೊಡ್ಡವರು ಹೆಸರು ಮತ್ತು ಸಂಗತಿ ಸರಿಯಿದೆಯೇ ಎಂದಷ್ಟೇ ನೋಡಲಿ. "ತಲೆಗೇ ಹೋಗ್ತಿರಲಿಲ್ಲ" ಎಂಬುದನ್ನು "ಅರ್ಥೈಸಿಕೊಳ್ಳಲು ಅಸಮರ್ಥರಾಗಿದ್ದೆವು" ಎಂದು ಮಾಡಿದರೆ ಹುಡುಗಿಯ ದನಿಯೇ ಹೋಯಿತು.

ಹೆಚ್ಚಾಗಿ ಎಡವುವುದು ಒಬ್ಬರನ್ನು ಬಿಟ್ಟುಬಿಡುವುದರಲ್ಲಿ. ಎಲ್ಲರಿಗೂ ಒಂದೊಂದು ನೆನಪು ಹೇಳಲು ಹೊತ್ತು ಸಾಲದಿದ್ದರೆ ಯಾರಿಗೂ ಬಿಡಿಯಾಗಿ ಹೇಳದೆ, ಇಡೀ ಶಾಲೆ ಕಂಡ ಒಂದೆರಡು ಘಟನೆ ಆರಿಸಿಕೊಳ್ಳುವುದು ಲೇಸು. ಪಿ.ಟಿ. ಮೇಷ್ಟ್ರು, ಗುಮಾಸ್ತರು, ಗಂಟೆ ಹೊಡೆಯುವ ಅಟೆಂಡರ್ ಇವರೆಲ್ಲರ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಬಿಸಿಯೂಟದ ಅಕ್ಕಂದಿರು ಆ ಹೊತ್ತಿಗೆ ಅಡುಗೆಮನೆಯಲ್ಲೇ ಇರುತ್ತಾರೆ. ಭಾಷಣ ಶುರುವಾಗುವ ಮೊದಲು ಯಾರಾದರೂ ಓಡಿಹೋಗಿ ಅವರನ್ನು ಕರೆತರಲಿ.